ಅಡುಗೆಮನೆಯ ಗೋಡೆಗೆ ಎರಡು ಸಾಲು

"ಆಹಾರ ತಯಾರಿಕೆಗೆ ಮುನ್ನ ಹಾಗೂ ಶೌಚಾಲಯ ಬಳಕೆಯ ನಂತರ ಕೈಗಳನ್ನು ಸಾಬೂನಿನಿಂದ ಕಡ್ಡಾಯವಾಗಿ ಸ್ವಚ್ಛಗೊಳಿಸಿಕೊಳ್ಳತಕ್ಕದ್ದು."

ಇಂಥದ್ದೊಂದು ಸಾಲು ಶಾಲೆಯ ಬಿಸಿಯೂಟದ ಕೋಣೆಯಲ್ಲೋ, ಹಾಸ್ಟೆಲಿನ ಅಡುಗೆಮನೆಯಲ್ಲೋ, ಹೋಟೆಲಿನ ಹಿಂಬದಿಯ ಗೋಡೆಯಲ್ಲೋ ಕಂಡೇ ಕಾಣುತ್ತದೆ. ವ್ಯಾಕರಣದ ತಪ್ಪಿಲ್ಲ, ವಿಷಯದ ತಪ್ಪೂ ಮೇಲ್ನೋಟಕ್ಕೆ ಇಲ್ಲ. ತಪಾಸಣೆಗೆ ಬಂದ ಅಧಿಕಾರಿ ಒಂದೇ ಉಸಿರಿಗೆ ಓದಿ ತಲೆಯಾಡಿಸುತ್ತಾರೆ. ಅದರ ಕೆಳಗೇ ನಿಂತು ಬೇಳೆ ತೊಳೆಯುವ ಹೆಂಗಸು ಮಾತ್ರ ಅದನ್ನು ಓದಿರುವುದಿಲ್ಲ. ನಿಜ ಹೇಳಬೇಕೆಂದರೆ ಆ ಸಾಲನ್ನು ಬರೆದದ್ದೂ ಆಕೆಗಾಗಿ ಅಲ್ಲ.

ಆಕೆ ಅನಕ್ಷರಸ್ಥೆಯೇ ಆಗಿರಬೇಕೆಂದಿಲ್ಲ. 2011ರ ಜನಗಣತಿಯಲ್ಲಿ ಕರ್ನಾಟಕದ ಹೆಂಗಸರಲ್ಲಿ ನೂರಕ್ಕೆ 68 ಮಂದಿ ಅಕ್ಷರಸ್ಥರು. ಆದರೆ ಆ ಲೆಕ್ಕದೊಳಗೆ ಪತ್ರಿಕೆ ಓದುವವರೂ ಇದ್ದಾರೆ, ಮೂರನೆಯ ಕ್ಲಾಸಿಗೆ ಶಾಲೆ ಬಿಟ್ಟು ಆಮೇಲೆ ಬಸ್ಸಿನ ಬೋರ್ಡು, ರೇಷನ್ ಕಾರ್ಡಿನ ಹೆಸರು ಬಿಟ್ಟರೆ ಬೇರೇನೂ ಓದದವರೂ ಇದ್ದಾರೆ. ಅಡುಗೆಮನೆಗಳಲ್ಲಿ ಈ ಎರಡನೆಯ ಬಗೆಯವರೇ ಹೆಚ್ಚು. ಇವರು ಪದವನ್ನು ಇಡಿಯಾಗಿ ನೋಡಿ ಗುರುತಿಸುವುದಿಲ್ಲ, ಅಕ್ಷರ ಅಕ್ಷರ ಕೂಡಿಸಿ ಓದುತ್ತಾರೆ. ಕಾಗುಣಿತದ ತನಕ ಹೇಗೋ ನಡೆಯುತ್ತದೆ. 'ಅಕ್ಕ', 'ಮೊಟ್ಟೆ'ಯಂಥ ಅದೇ ಅಕ್ಷರದ ಒತ್ತು ಬಂದರೂ ದಾಟುತ್ತಾರೆ. 'ಸ್ವಚ್ಛ' ಬಂದ ಕೂಡಲೆ ಬಂಡಿ ನಿಲ್ಲುತ್ತದೆ. ಇನ್ನು ಅರ್ಕಾವೊತ್ತು ಎದುರಾದರೆ ಮುಗಿಯಿತು. ಬರೆಯುವುದು ಅಕ್ಷರದ ಆಚೆ, ಓದುವುದು ಅಕ್ಷರಕ್ಕೆ ಮೊದಲು. ದಿನಾ ಓದುವವರಿಗೆ ಈ ಹಿಂದುಮುಂದು ಗೊತ್ತೇ ಆಗುವುದಿಲ್ಲ. ಹೀಗೆ ತಡವರಿಸಿ 'ತಕ್ಕದ್ದು' ತಲುಪುವ ಹೊತ್ತಿಗೆ ಸಾಲಿನ ಮೊದಲಲ್ಲಿ ಏನಿತ್ತೆಂಬುದೇ ಮರೆತುಹೋಗಿರುತ್ತದೆ.

ಭಾಷೆ ಸರಳ ಮಾಡಿದರೆ ಕೆಲಸ ಮುಗಿಯಿತೆಂದು ಇಲ್ಲಿ ಅನ್ನಿಸಬಹುದು. ಮುಗಿಯುವುದಿಲ್ಲ. ಆ ಸಾಲಿನ ದೊಡ್ಡ ತೊಂದರೆ 'ಸ್ವಚ್ಛಗೊಳಿಸಿಕೊಳ್ಳತಕ್ಕದ್ದು' ಅಲ್ಲ, 'ಆಹಾರ ತಯಾರಿಕೆಗೆ ಮುನ್ನ' ಎಂಬ ಮಾತು.

ಬಿಸಿಯೂಟದ ಅಡುಗೆಯವರ ಬೆಳಗನ್ನು ನೆನೆಸಿಕೊಳ್ಳಿ. ಬಂದವರೇ ಕೈಕಾಲು ತೊಳೆದುಕೊಂಡು ಒಲೆ ಹಚ್ಚುತ್ತಾರೆ. ಈ ತೊಳೆಯುವಿಕೆಗೆ ಯಾವ ಪೋಸ್ಟರೂ ಬೇಕಿಲ್ಲ, ಮನೆಯಿಂದಲೇ ಬಂದ ರೂಢಿ ಅದು. ಒಂದು ವೇಳೆ ಆಗ ಕೈ ಅಷ್ಟು ಶುದ್ಧವಾಗಿ ಇಲ್ಲದಿದ್ದರೂ, ಮುಟ್ಟಿದ ಅಕ್ಕಿ, ಬೇಳೆ, ತರಕಾರಿ ಎಲ್ಲವೂ ಮುಂದೆ ಕೊತಕೊತ ಕುದಿಯುತ್ತವೆ. ಕೈಯಿಂದ ಹೋದ ಕ್ರಿಮಿಗಳಲ್ಲಿ ಬಹುಪಾಲು ಅಲ್ಲೇ ಸಾಯುತ್ತವೆ. ಅಪಾಯ ಶುರುವಾಗುವುದು ಒಲೆ ಆರಿದ ಮೇಲೆ. ಬೆಂದ ಮೊಟ್ಟೆ ಸುಲಿಯುವುದು, ಚಿತ್ರಾನ್ನ ಕಲೆಸುವುದು, ಕೋಸಂಬರಿಗೆ ಉಪ್ಪು ಬೆರೆಸುವುದು, ಮೊಸರನ್ನ ಹಿಸುಕುವುದು, ಒದ್ದೆ ಕೈಯಲ್ಲಿ ಮುದ್ದೆ ಕಟ್ಟುವುದು, ಇವೆಲ್ಲ ಆಗ ನಡೆಯುವ ಕೆಲಸ. ಆ ಕೈ ಮುಟ್ಟಿದ್ದು ಮತ್ತೆ ಬೆಂಕಿ ಕಾಣುವುದಿಲ್ಲ, ನೇರ ಮಗುವಿನ ತಟ್ಟೆಗೆ ಹೋಗುತ್ತದೆ. ಅಷ್ಟರೊಳಗೆ ಆ ಕೈ ಕಸದ ಬುಟ್ಟಿ ಎತ್ತಿರುತ್ತದೆ, ಮೊಬೈಲ್ ಹಿಡಿದಿರುತ್ತದೆ, ಮೂಗು ಒರೆಸಿರುತ್ತದೆ, ಒಂದು ಸಲ ಟಾಯ್ಲೆಟ್ಟಿಗೂ ಹೋಗಿ ಬಂದಿರುತ್ತದೆ.

ಇದು ಹೊಸ ತಿಳಿವಳಿಕೆಯಲ್ಲ. ನ್ಯೂಯಾರ್ಕ್ ಹತ್ತಿರದ ಆಯ್ಸ್ಟರ್ ಬೇ ಎಂಬಲ್ಲಿ 1906ರ ಬೇಸಿಗೆಯಲ್ಲಿ ಒಂದು ಶ್ರೀಮಂತ ಮನೆಯ 11 ಮಂದಿಯಲ್ಲಿ 6 ಮಂದಿಗೆ ಟೈಫಾಯ್ಡ್ ಬಂತು. ತನಿಖೆಗೆ ಬಂದ ಜಾರ್ಜ್ ಸೋಪರ್ ಎಂಬ ಎಂಜಿನಿಯರಿಗೆ ಅಡುಗೆಯಾಕೆ ಮೇರಿ ಮ್ಯಾಲನ್ ಮೇಲೆ ಸಂಶಯ. ಆದರೆ ಆಕೆ ಬೇಯಿಸಿದ್ದನ್ನು ಉಂಡವರಿಗೆ ರೋಗ ಹೇಗೆ ತಗಲೀತು? ಕೊನೆಗೆ ಸಿಕ್ಕಿದ್ದು ಐಸ್‌ಕ್ರೀಂ. ಹಸಿ ಪೀಚ್ ಹಣ್ಣನ್ನು ಕೈಯಲ್ಲಿ ಹೆಚ್ಚಿ ಅದರೊಳಗೆ ಹಾಕುತ್ತಿದ್ದಳು. ಬೆಂಕಿ ಕಾಣದ ತಿನಿಸು ಅದು. ಅಂದ ಹಾಗೆ ಮೇರಿಗೆ ಓದಲು ಬರೆಯಲು ಚೆನ್ನಾಗಿಯೇ ಬರುತ್ತಿತ್ತು.

ನಮ್ಮ ಅಡುಗೆಮನೆಗಳಲ್ಲಿ ಟೈಫಾಯ್ಡಿಗಿಂತ ಹೆಚ್ಚು ಕಾಡುವವರು ಬೇರೆ. ಮೂಗಿನಲ್ಲಿ, ಕೀವಾದ ಗಾಯದಲ್ಲಿ, ಬೆರಳಿನ ಹುಣ್ಣಿನಲ್ಲಿ ಇರುವ ಸ್ಟೆಫಿಲೊಕಾಕಸ್ ಎಂಬ ಬ್ಯಾಕ್ಟೀರಿಯಾ ಬೆಂದ ಆಹಾರದ ಮೇಲೆ ಕೂತು, ಬೆಚ್ಚಗಿನ ಜಾಗದಲ್ಲಿ ಕೆಲವು ತಾಸು ಸಿಕ್ಕರೆ ವಿಷ ಉಗುಳುತ್ತದೆ. ಉಂಡ ಕೆಲವೇ ತಾಸಿನಲ್ಲಿ ಮಕ್ಕಳು ಸಾಲು ಸಾಲಾಗಿ ವಾಂತಿ ಮಾಡುವುದು ಹೆಚ್ಚಾಗಿ ಇಂಥದರಿಂದ. "ಇನ್ನೊಂದು ಕುದಿ ಕುದಿಸಿಬಿಟ್ಟರೆ ಆಯಿತು" ಎಂಬ ನಂಬಿಕೆ ಇಲ್ಲಿ ಕೈಕೊಡುತ್ತದೆ. ಬ್ಯಾಕ್ಟೀರಿಯಾ ಸಾಯುತ್ತದೆ, ಅದು ಉಗುಳಿಟ್ಟ ವಿಷ ಕುದಿದರೂ ಉಳಿಯುತ್ತದೆ. ಆಮಶಂಕೆ ತರುವ ಶಿಗೆಲ್ಲಾ, ವಾಂತಿಭೇದಿಯ ನೊರೊವೈರಸ್ ಇವಕ್ಕಂತೂ ಬೆಳೆಯಲು ಹೊತ್ತೇ ಬೇಡ. ಟಾಯ್ಲೆಟ್ಟಿನಿಂದ ಬಂದ ಕೈಯ ಉಗುರಿನಲ್ಲಿ ಕಣ್ಣಿಗೆ ಕಾಣದಷ್ಟು ಉಳಿದಿದ್ದರೂ ಸಾಕು.

ಹಾಗಾಗಿ ಪೋಸ್ಟರು ಹೇಳಬೇಕಾದ ಹೊತ್ತು ಬೆಳಗಿನ ಒಂಬತ್ತಲ್ಲ, ಹನ್ನೊಂದೂವರೆ. ಅದೂ ಒಂದು ಜಾಗಕ್ಕೆ ಒಂದೇ ಮಾತು. ವಿಶ್ವ ಆರೋಗ್ಯ ಸಂಸ್ಥೆ 2001ರಲ್ಲಿ ಹೊರತಂದ 'ಸುರಕ್ಷಿತ ಆಹಾರಕ್ಕೆ ಐದು ಸೂತ್ರಗಳು' ಎಂಬ ಭಿತ್ತಿಪತ್ರ ಜಗತ್ತಿನ ಎಷ್ಟೋ ಭಾಷೆಗಳಿಗೆ ಹೋಗಿದೆ. ಕೂರಿಸಿಕೊಂಡು ಪಾಠ ಹೇಳಲು ಅದರಷ್ಟು ಒಳ್ಳೆಯದು ಇನ್ನೊಂದಿಲ್ಲ. ಆದರೆ ಐದು ತಲೆಬರಹ, ಅದರ ಕೆಳಗೆ ಹತ್ತಾರು ಸಾಲು ಇರುವ ಹಾಳೆಯನ್ನು ಹೊಗೆ ತುಂಬಿದ ಗೋಡೆಗೆ ಅಂಟಿಸಿದರೆ ಅದು ಕ್ಯಾಲೆಂಡರಿನ ಹಾಗೆ ನೇತಾಡುತ್ತಿರುತ್ತದೆ, ಅಷ್ಟೆ. ಕಲಿಸುವ ಕೆಲಸ ಬಾಯಿ ಮಾತಿನದು. ಗೋಡೆಯ ಕೆಲಸ ಸರಿಯಾದ ಜಾಗದಲ್ಲಿ, ಸರಿಯಾದ ಕ್ಷಣದಲ್ಲಿ ನೆನಪಿಸುವುದು.

ಈಗ ಒಂದು ಮಾತನ್ನು ಕಟ್ಟಿ ನೋಡೋಣ. ಮೊಟ್ಟೆ ಸುಲಿಯುವ ಕೆಲಸವನ್ನೇ ಹಿಡಿಯೋಣ. 150 ಮಕ್ಕಳ ಶಾಲೆಯಲ್ಲಿ ನಿಯಮದ ಲೆಕ್ಕಕ್ಕೆ ಮೂವರು ಅಡುಗೆ ಸಿಬ್ಬಂದಿ. ಮೊಟ್ಟೆಯ ದಿನ ಮೂವರೂ ಒಂದು ಬೇಸಿನ್ ಸುತ್ತ ಕೂತು ನೂರಕ್ಕೂ ಹೆಚ್ಚು ಮೊಟ್ಟೆ ಸುಲಿಯುತ್ತಾರೆ. ಪ್ರತಿ ಮೊಟ್ಟೆಯ ಮೇಲೂ ಹತ್ತು ಬೆರಳು ಓಡಾಡುತ್ತವೆ.

ಮೊದಲು ಬರೆದದ್ದು: "ಬೇಯಿಸಿದ ಮೊಟ್ಟೆಗಳನ್ನು ಸುಲಿಯುವ ಮುನ್ನ ಸಾಬೂನಿನಿಂದ ಕೈಗಳನ್ನು ತೊಳೆದುಕೊಳ್ಳಿ." ಆರಂಭದ ಸಾಲಿಗಿಂತ ಎಷ್ಟೋ ವಾಸಿ. ಆದರೂ ಒಂದು ತೊಡಕಿದೆ. ಕೈ ತೊಳೆಯುವುದು ಮೊದಲು ಆಗಬೇಕಾದ ಕೆಲಸ, ಸಾಲಿನಲ್ಲಿ ಅದು ಕೊನೆಗೆ ಬರುತ್ತದೆ. ಮೆಲ್ಲಗೆ ಓದುವವರು ಮೊದಲು ಸಿಕ್ಕಿದ ಕೆಲಸವನ್ನು ಮೊದಲು ಮಾಡುವುದೆಂದೇ ತಿಳಿಯುತ್ತಾರೆ. 'ಮುನ್ನ' ಎಂಬ ಪುಟ್ಟ ಪದ ಆ ಕ್ರಮವನ್ನು ತಲೆಕೆಳಗು ಮಾಡಬೇಕು, ಅದೇ ಜಾರಿಹೋಗುವ ಪದ. ಕೆಲಸದ ಕ್ರಮದಲ್ಲೇ ಮಾತಿನ ಕ್ರಮವೂ ಇದ್ದರೆ ಈ ಗೋಜು ಇಲ್ಲ:

ಸೋಪು ಹಾಕಿ ಕೈ ತೊಳೆಯಿರಿ.
ಆಮೇಲೆ ಮೊಟ್ಟೆ ಸುಲಿಯಿರಿ.

ಇಷ್ಟೇ. 'ಮೊಟ್ಟೆ' ಬಿಟ್ಟರೆ ಒತ್ತಕ್ಷರವೇ ಇಲ್ಲ, ಅದೂ ಸುಲಭದ್ದು, ಪಕ್ಕದಲ್ಲಿ ಮೊಟ್ಟೆಯ ಚಿತ್ರ ಇರುತ್ತದೆ. ಸಾಬೂನು ಹೋಗಿ ಸೋಪು ಬಂತು, ಯಾಕೆಂದರೆ ಅಂಗಡಿಯಲ್ಲಿ ಆಕೆ ಕೇಳುವುದು ಸೋಪನ್ನೇ. 'ಬೇಯಿಸಿದ' ಎಂಬುದು ಬೇಕಿಲ್ಲ, ಹಸಿ ಮೊಟ್ಟೆಯನ್ನು ಯಾರೂ ಸುಲಿಯುವುದಿಲ್ಲ. 'ತೊಳೀರಿ' ಎಂದು ಆಡುಮಾತಿನಲ್ಲೇ ಬರೆಯಬಾರದೇ ಎಂದು ಕೇಳುವವರಿದ್ದಾರೆ. ನನಗೆ ಅದು ಅಷ್ಟು ಸರಿ ಕಾಣುವುದಿಲ್ಲ. ಅರೆಬರೆ ಕಲಿತವರು ಕಲಿತದ್ದು ಪುಸ್ತಕದ ಕನ್ನಡವನ್ನೇ. ಆಡುಮಾತು ಅಚ್ಚಿನಲ್ಲಿ ಕಂಡರೆ ಅವರಿಗೇ ಅಪರಿಚಿತ ಅನ್ನಿಸುತ್ತದೆ. ಹಾಗೆಂದು ಅಕ್ಷರ ಉಳಿಸಲು 'ಕೈ ತೊಳೆ' ಎಂದು ಏಕವಚನಕ್ಕೆ ಇಳಿಯುವುದೂ ಬೇಡ. ಮೊಮ್ಮಕ್ಕಳನ್ನು ಕಂಡ ಹೆಂಗಸು ತನ್ನನ್ನು ಗದರುವ ಗೋಡೆಯನ್ನು ಲಕ್ಷ್ಯಕ್ಕೆ ತೆಗೆದುಕೊಂಡಾಳೇ?

ಕೆಲವು ಪದಗಳಿಗೆ ಮಾತ್ರ ಊರು ನೋಡಿಯೇ ನಿರ್ಧರಿಸಬೇಕು. ಶೌಚಾಲಯ ಎಂಬುದನ್ನು ಬೋರ್ಡಿನಲ್ಲಿ ಬಿಟ್ಟು ಯಾರೂ ಹೇಳುವುದಿಲ್ಲ. ಧಾರವಾಡದ ಕಡೆ ಸಂಡಾಸು, ಮೈಸೂರಿನ ಕಡೆ ಹಳಬರಿಗೆ ಕಕ್ಕಸು, ಈಗ ಎಲ್ಲ ಕಡೆಯೂ ಟಾಯ್ಲೆಟ್, ಬಾತ್‌ರೂಮ್. ಆ ಬಾಗಿಲ ಮೇಲೆ ಆ ಪದವೇ ಬೇಡ ಎನ್ನುವುದು ನನ್ನ ಅಭಿಪ್ರಾಯ. ಒಳಗಿನಿಂದ ಹೊರಬರುವಾಗ ಕಣ್ಣಿಗೆ ಬೀಳುವ ಹಾಗೆ, ಚಿಲಕದ ಮೇಲ್ಗಡೆ 'ಸೋಪು ಹಾಕಿ ಕೈ ತೊಳೆಯಿರಿ' ಎಂದಿದ್ದರೆ ಸಾಕು. ಎಲ್ಲಿಗೆ ಹೋಗಿ ಬಂದದ್ದೆಂದು ಬಾಗಿಲೇ ಹೇಳುತ್ತದೆ.

ಬೇಡ, ಬಾರದು ಎಂಬ ಮಾತುಗಳ ಬಗ್ಗೆ ಎಚ್ಚರ ಬೇಕು. ಕನ್ನಡದಲ್ಲಿ ನಿಷೇಧ ಕ್ರಿಯಾಪದದ ಬಾಲಕ್ಕೆ ಅಂಟಿಕೊಂಡಿರುತ್ತದೆ. 'ಬೆಂದ ಮೊಟ್ಟೆಯನ್ನು ಬರಿಗೈಯಲ್ಲಿ ಮುಟ್ಟ' ಎನ್ನುವಷ್ಟರಲ್ಲಿ ಓದುವವರು ದಣಿದು ಉಳಿದದ್ದನ್ನು ಊಹಿಸಿದರೆ ಅರ್ಥ ಪೂರಾ ಉಲ್ಟಾ. ಇದಕ್ಕಿಂತ ಕೆಟ್ಟದ್ದು 'ತೊಳೆಯದೆ'. 'ಕೈ ತೊಳೆಯದೆ ಮುಟ್ಟಬೇಡಿ' ಎಂಬ ಸಾಲಿನಲ್ಲಿ ಎರಡು ನಿಷೇಧಗಳಿವೆ. 'ತೊಳೆದೆ'ಗೂ 'ತೊಳೆಯದೆ'ಗೂ ನಡುವೆ ಇರುವುದು ಒಂದು 'ಯ', ಎಣ್ಣೆಯ ಒಂದು ಸಿಡಿತಕ್ಕೆ ಅದು ಅಳಿಸಿಹೋದೀತು. ಮಾಡಬೇಕಾದ್ದನ್ನು ಹೇಳಿದರೆ ಇಷ್ಟೆಲ್ಲ ರಗಳೆ ಇಲ್ಲ.

ಫ್ಲೆಕ್ಸ್ ಅಂಗಡಿಯಲ್ಲಿ ಆಗುವ ಅನಾಹುತ ಇನ್ನೊಂದು. ಜಾಗ ಸಾಲದೆ 'ತೊಳೆ' ಒಂದು ಸಾಲಿಗೆ, 'ಯಿರಿ' ಇನ್ನೊಂದಕ್ಕೆ ಹೋಗುತ್ತದೆ. ಸಾಲುಗಳನ್ನು ಒತ್ತೊತ್ತಾಗಿ ಕೂರಿಸಿದಾಗ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ. ಅಂದಕ್ಕೆಂದು ಸುರುಳಿ ಸುರುಳಿಯ ಅಕ್ಷರ ಬೇರೆ. ಎರಡೇ ಸಾಲು, ನೇರ ದಪ್ಪ ಅಕ್ಷರ, ಹತ್ತಡಿ ದೂರಕ್ಕೆ ಅಕ್ಷರದ ಎತ್ತರ ಒಂದು ಇಂಚಿಗೆ ಕಡಿಮೆ ಬೇಡ ಎಂದು ಕೂತು ಮಾಡಿಸಿಕೊಂಡೇ ಬರಬೇಕು. ಅಂಟಿಸುವ ಎತ್ತರವನ್ನೂ ನೋಡಬೇಕು. ಮೊಟ್ಟೆಯನ್ನು ನೆಲಕ್ಕೆ ಕೂತು ಸುಲಿಯುವುದಾದರೆ ಹಾಳೆಯೂ ಕೂತವರ ಕಣ್ಣಿನ ಮಟ್ಟಕ್ಕೆ ಇಳಿಯಬೇಕು.

ಚಿತ್ರ ಹಾಕಿಬಿಟ್ಟರೆ ಓದು ಬರದವರಿಗೂ ತಿಳಿಯುತ್ತದೆ ಎಂಬುದು ಅರ್ಧ ಸತ್ಯ. ಕೈಯ ಮೇಲೆ ಭೂತಗನ್ನಡಿ, ಅದರೊಳಗೆ ಹಲ್ಲು ಕಿರಿಯುವ ಹಸಿರು ಕ್ರಿಮಿಗಳು, ಇಂಥ ಪೋಸ್ಟರನ್ನು ಒಮ್ಮೆ ಅಡುಗೆ ಮಾಡುವ ಒಬ್ಬರಿಗೆ ತೋರಿಸಿದ್ದೆ.

"ಅಕ್ಕ, ಇದರಲ್ಲಿ ಏನು ಕಾಣ್ತಿದೆ?"

"ಜೇಡ ಅಲ್ವಾ ಸಾರ್? ಕಾಲು ನೋಡಿ ಎಷ್ಟಿವೆ."

"ಹಾಗಾದ್ರೆ ಏನು ಮಾಡಿ ಅಂತ ಹೇಳ್ತಿದೆ ಇದು?"

"ಬಲೆ ಹೊಡೀರಿ ಅಂತ. ನಿನ್ನೇನೇ ಹೊಡೆದ್ವಿ, ಬೇಕಾದ್ರೆ ಮೇಡಂನ ಕೇಳಿ."

ಆಕೆಯ ಉತ್ತರದಲ್ಲಿ ತಪ್ಪಿಲ್ಲ. ಕಂಡದ್ದನ್ನು ಹೇಳಿದರು. ಕ್ರಿಮಿ ಕಣ್ಣಿಗೆ ಕಾಣದ ಜೀವಿ ಎಂಬುದು ಮೊದಲೇ ಗೊತ್ತಿದ್ದವರಿಗೆ ಮಾತ್ರ ಆ ಚಿತ್ರ ಕ್ರಿಮಿಯಾಗಿ ಕಾಣುತ್ತದೆ. ಮಣಿಕಟ್ಟಿಗೆ ಕತ್ತರಿಸಿದಂತೆ ಗಾಳಿಯಲ್ಲಿ ತೇಲುವ ಎರಡು ಕೈ, ಆಸ್ಪತ್ರೆಯ ಉಕ್ಕಿನ ಸಿಂಕು, ಎಡದಿಂದ ಬಲಕ್ಕೆ ಆರು ಚೌಕಗಳಲ್ಲಿ ಸಾಗುವ ಹಂತಗಳು, ಇವೂ ಹಾಗೆಯೇ. ಬದಲಿಗೆ ಸೀರೆ ಉಟ್ಟ, ಬಳೆ ತೊಟ್ಟ ಹೆಂಗಸನ್ನೇ ಪೂರ್ತಿ ಬರೆಯಿರಿ. ನಲ್ಲಿ ಇಲ್ಲದ ಶಾಲೆಯಾದರೆ ಚಿತ್ರದಲ್ಲೂ ನಲ್ಲಿ ಬೇಡ. ಡ್ರಮ್ಮು, ಒಬ್ಬರು ಚೊಂಬಿನಿಂದ ನೀರು ಹಾಕುವುದು, ಇನ್ನೊಬ್ಬರು ಸೋಪು ಉಜ್ಜುವುದು, ಅಲ್ಲಿ ನಡೆಯುವುದು ಅದೇ ತಾನೆ. ಕೈಯನ್ನು ಡ್ರಮ್ಮಿಗೇ ಅದ್ದುವ ರೂಢಿ ಇದ್ದರೆ ಈ ಚಿತ್ರ ಅದನ್ನೂ ತಿದ್ದುತ್ತದೆ. ತಪ್ಪಿನ ಚಿತ್ರ ತೋರಿಸಲೇಬೇಕೆಂದರೆ ಕೆಂಪು ಅಡ್ಡಗೆರೆಗಿಂತ ಶಾಲೆಯ ಇಂಟು ಮಾರ್ಕು ಮೇಲು, ಅದನ್ನೂ ಚಿತ್ರದ ಮೇಲೆಯೇ ಎಳೆಯದೆ ಪಕ್ಕಕ್ಕೆ ಹಾಕಬೇಕು.

ಬಳೆಯ ಮಾತು ಬಂತು. ನಿಯಮದ ಕಾಗದಗಳು ಅಡುಗೆಯವರು ಆಭರಣ ಧರಿಸಬಾರದೆನ್ನುತ್ತವೆ. ಮುತ್ತೈದೆಗೆ ಬಳೆ ತೆಗೆಯಿರಿ ಎಂದು ಬರೆದರೆ ಆ ಪೋಸ್ಟರಿನ ಮರ್ಯಾದೆ ಅಂದಿಗೇ ಮುಗಿಯುತ್ತದೆ. 'ಬಳೆ ಮೇಲೆ ಸರಿಸಿ' ಎಂದರೆ ಮಣಿಕಟ್ಟಿನ ತನಕ ಸೋಪು ತಲುಪುತ್ತದೆ, ಯಾರ ಮನಸ್ಸೂ ನೋಯುವುದಿಲ್ಲ. ಒಡಕು ಗಾಜಿನ ಬಳೆಯ ಬಗ್ಗೆ ಬಾಯಲ್ಲಿ ಹೇಳಬೇಕು, ಅದು ಗೋಡೆಗೆ ಬರೆಯುವ ಮಾತಲ್ಲ. ಹಾಗೆಯೇ '20 ಸೆಕೆಂಡ್ ಉಜ್ಜಿ' ಎಂಬ ಪ್ರಸಿದ್ಧ ಸಲಹೆ. ಒದ್ದೆ ಕೈಯಲ್ಲಿ ಗಡಿಯಾರ ಯಾರು ನೋಡುತ್ತಾರೆ? 'ಉಗುರು, ಹೆಬ್ಬೆರಳು, ಬೆರಳ ಸಂದಿ' ಎಂದು ಮೂರು ಜಾಗದ ಹೆಸರು ಹೇಳಿದರೆ, ಮೂರನ್ನೂ ಉಜ್ಜುವಷ್ಟರಲ್ಲಿ ಹೆಚ್ಚುಕಡಿಮೆ ಆ ಹೊತ್ತು ಕಳೆದಿರುತ್ತದೆ. ಅವಸರದಲ್ಲಿ ತೊಳೆದ ಕೈಯಲ್ಲಿ ಬಿಟ್ಟುಹೋಗುವ ಜಾಗಗಳೂ ಅವೇ.

ತೊಳೆದ ಕೈಯನ್ನು ಎಲ್ಲಿಗೆ ಒರೆಸುತ್ತಾರೆ ಎಂಬುದನ್ನು ಹೆಚ್ಚಿನ ಪೋಸ್ಟರುಗಳು ಕೇಳುವುದೇ ಇಲ್ಲ. ಉತ್ತರ ಸೆರಗು, ಇಲ್ಲವೇ ಪಾತ್ರೆ ಇಳಿಸುವ ಮಸಿಬಟ್ಟೆ. ಒದ್ದೆ ಕೈ ಒಣಗಿದ ಕೈಗಿಂತ ಬೇಗ ಕ್ರಿಮಿ ಹತ್ತಿಸಿಕೊಳ್ಳುತ್ತದೆ, ಬೇಗ ದಾಟಿಸುತ್ತದೆ. ಬೆಳಗಿನಿಂದ ಕಟ್ಟೆ, ಕೈ, ಪಾತ್ರೆ ಎಲ್ಲವನ್ನೂ ಒರೆಸಿದ ಬಟ್ಟೆಗೆ ತಗಲಿದರೆ ಸೋಪಿನ ಕೆಲಸವೆಲ್ಲ ವ್ಯರ್ಥ. 'ಮಸಿಬಟ್ಟೆಗೆ ಒರೆಸಬೇಡಿ' ಎಂದು ಬರೆಯುವ ಬದಲು ಮೊಳೆ ಹೊಡೆದು, ಬಿಳಿ ಬಟ್ಟೆ ನೇತುಹಾಕಿ, ಮೇಲೆ 'ಕೈ ಒರೆಸಲು' ಎಂದು ಬರೆಯಬೇಕು. ದಿನಾ ಒಗೆದದ್ದು ಬೇಕು, ಅಂದರೆ ಕಡಿಮೆ ಎಂದರೂ ಎರಡು ಬಟ್ಟೆ.

ಅಂಟಿಸುವ ಮೊದಲು ಪರೀಕ್ಷೆ ಆಗಬೇಕು. "ಅರ್ಥ ಆಯ್ತಾ?" ಎಂದು ಕೇಳಿದರೆ ಎಲ್ಲರೂ ಹೂಂ ಎನ್ನುತ್ತಾರೆ, ಮುಖ್ಯೋಪಾಧ್ಯಾಯರು ಪಕ್ಕದಲ್ಲಿದ್ದರಂತೂ ಇನ್ನೂ ಬೇಗ. ಹಾಳೆ ಕೈಗೆ ಕೊಟ್ಟು "ಇದು ಏನು ಮಾಡಿ ಅನ್ನುತ್ತೆ, ಮಾಡಿ ತೋರಿಸ್ತೀರಾ?" ಎಂದು ಕೇಳಿ ಸುಮ್ಮನಿರಬೇಕು. ಬೇರೆ ಬೇರೆ ಅಡುಗೆಮನೆಯವರನ್ನು ಒಬ್ಬೊಬ್ಬರಾಗಿ ಕೇಳಬೇಕು, ಒಟ್ಟಿಗೆ ಕೂರಿಸಿದರೆ ಓದು ಬಲ್ಲವರೊಬ್ಬರೇ ಎಲ್ಲರ ಪರವಾಗಿ ಉತ್ತರಿಸಿಬಿಡುತ್ತಾರೆ. ಅಮೆರಿಕದ ಸುರಕ್ಷತಾ ಚಿಹ್ನೆಗಳ ಮಾನದಂಡದಲ್ಲಿ ನೂರಕ್ಕೆ 85 ಮಂದಿ ಸರಿಯಾಗಿ ಹೇಳಿದರೆ ಚಿಹ್ನೆ ಪಾಸು, ಆದರೆ ವಿರುದ್ಧ ಅರ್ಥ ಮಾಡಿಕೊಂಡವರು 5ಕ್ಕಿಂತ ಹೆಚ್ಚಿದ್ದರೆ ನಪಾಸು. ನಮ್ಮ ಹಾಳೆಗೂ ಈ ಎರಡನೆಯ ಷರತ್ತೇ ಮುಖ್ಯ. ಏನೂ ತಿಳಿಯದಿದ್ದರೆ ನಷ್ಟವಿಲ್ಲ, ಮೊಟ್ಟೆ ಸುಲಿದ ಮೇಲೆ ಕೈ ತೊಳೆಯಬೇಕೆಂದು ತಿಳಿದರೆ ನಷ್ಟ.

ಬೆಂಗಳೂರಿನ ಹೋಟೆಲುಗಳಲ್ಲಿ ಲೆಕ್ಕ ಬೇರೆ. ಪಾತ್ರೆ ತೊಳೆಯುವವರು, ದೋಸೆ ಹಾಕುವವರು ಒಡಿಶಾ, ಅಸ್ಸಾಂ, ಬಂಗಾಳ, ನೇಪಾಳದ ಹುಡುಗರು. ಅಲ್ಲಿ ಕನ್ನಡದ ಸಾಲು ಮೇಸ್ತ್ರಿಗೆ, ಚಿತ್ರ ಹುಡುಗರಿಗೆ. ಮೇಸ್ತ್ರಿ ಅದನ್ನು ಬಾಯಿಬಿಟ್ಟು ಹೇಳದಿದ್ದರೆ ಯಾವ ಭಾಷೆಯಲ್ಲಿ ಬರೆದರೂ ಒಂದೇ.

ಎಷ್ಟು ಸರಳವಾಗಿ ಬರೆದರೂ ಕೆಲಸ ಮಾಡದ ಮಾತೂ ಒಂದಿದೆ: 'ವಾಂತಿ, ಭೇದಿ ಇದ್ದರೆ ಅಡುಗೆಗೆ ಬರಬೇಡಿ.' ಎಲ್ಲರಿಗೂ ತಿಳಿಯುತ್ತದೆ, ಯಾರೂ ಪಾಲಿಸುವುದಿಲ್ಲ. ಬಾರದಿದ್ದರೆ ಆ ದಿನದ ದುಡ್ಡು ಖೋತಾ, ಇಲ್ಲವೇ ಬದಲಿಗೆ ಯಾರನ್ನಾದರೂ ತಾವೇ ಹುಡುಕಿ ಕಳಿಸಬೇಕು. ಇಂಥ ಕಡೆ ತಿದ್ದಬೇಕಾದ್ದು ಹಾಜರಿ ಪುಸ್ತಕವನ್ನು, ಪೋಸ್ಟರನ್ನಲ್ಲ. ದುಡ್ಡು ಕಡಿಯುವುದಿಲ್ಲ ಎಂದು ಖಾತ್ರಿ ಕೊಟ್ಟ ಮೇಲೆ 'ಹೊಟ್ಟೆ ಕೆಟ್ಟಿದೆಯೇ? ಮೇಡಂಗೆ ಹೇಳಿ' ಎಂದು ಬರೆಯಬಹುದು. ಆಕೆಯನ್ನು ಅಂದು ಪಾತ್ರೆ ತೊಳೆಯಲೂ ಹಚ್ಚದೆ ಮನೆಗೆ ಕಳಿಸಬೇಕು, ಭೇದಿ ನಿಂತ ಮೇಲೂ ಎರಡು ದಿನ ಅಡುಗೆ ಮುಟ್ಟಿಸಬಾರದು.

ಹಾಳೆ ಕೆಲಸ ಮಾಡುತ್ತಿದೆಯೋ ಇಲ್ಲವೋ ತಿಳಿಯಲು ಯಾರನ್ನೂ ಕೇಳಬೇಕಿಲ್ಲ. ನೋಡುವವರ ಎದುರು ಎಲ್ಲರೂ ಕೈ ತೊಳೆಯುತ್ತಾರೆ. ಮೊಟ್ಟೆಯ ದಿನ ಹನ್ನೆರಡು ಗಂಟೆಗೆ ಹೋಗಿ ಸೋಪನ್ನು ಮುಟ್ಟಿ ನೋಡಿದರೆ ಆಯಿತು. ಒದ್ದೆ ಇದ್ದರೆ ಸರಿ. ಒಣಗಿ ಬಿರುಕು ಬಿಟ್ಟಿದ್ದರೆ, ಅಥವಾ ತಿಂಗಳಾದರೂ ಅದೇ ಸೋಪು ಅದೇ ಗಾತ್ರದಲ್ಲಿ ಕೂತಿದ್ದರೆ ಹಾಳೆಯನ್ನು ಬೇರೆ ಜಾಗಕ್ಕೆ ಸರಿಸಿ ನೋಡಬೇಕು. ಸೋಪೇ ಇರದಿದ್ದರೆ ಸ್ಟೋರಿನ ಬೀಗದ ಕೈ ಯಾರ ಹತ್ತಿರ ಇದೆಯೆಂದು ವಿಚಾರಿಸಬೇಕು. ಎಷ್ಟೋ ಕಡೆ ಸೋಪು ತಪಾಸಣೆಯ ದಿನ ಮಾತ್ರ ಹೊರಬರುತ್ತದೆ.